2,000 ದಿರ್ಹಮ್ ಕೊಂಡು 600 ವಾಪಸ್ ಮಾರಿದಾಗ: ಒಂದು ದುಬೈ ಪ್ರವಾಸದ ಲೆಕ್ಕ

2024ರ ನವೆಂಬರ್ ಕೊನೆಯಲ್ಲಿ ನನ್ನ ಅಕ್ಕ, ಭಾವ ಮೈಸೂರಿನಿಂದ ದುಬೈ ನೋಡಲು ಹೊರಟರು. ಟಿಕೆಟ್, ಹೋಟೆಲ್, ಸುತ್ತಾಟದ ಬಸ್ಸು ಎಲ್ಲದಕ್ಕೂ ಮೊದಲೇ ದುಡ್ಡು ಕಟ್ಟಿ ಆಗಿತ್ತು. ಊಟ, ಟ್ಯಾಕ್ಸಿ, ಸಣ್ಣಪುಟ್ಟ ಖರೀದಿಗೆ ಕೈಯಲ್ಲಿ ಸ್ವಲ್ಪ ನೋಟು ಬೇಕಿತ್ತು. ಹೊರಡುವ ಗಡಿಬಿಡಿಯಲ್ಲಿ ಊರಲ್ಲಿ ಆ ಕೆಲಸ ಆಗಲಿಲ್ಲ. ವಿಮಾನ ನಿಲ್ದಾಣದ ಒಂದು ಕೌಂಟರಿನಲ್ಲಿ 2,000 ದಿರ್ಹಮ್ ಕೊಂಡರು. ವಾಪಸ್ ಬರುವಾಗ 600 ದಿರ್ಹಮ್ ಉಳಿದಿತ್ತು. ಅದನ್ನು ಇಳಿದ ಕೂಡಲೇ ಅಂಥದೇ ಕೌಂಟರಿನಲ್ಲಿ ಮಾರಿದರು.

ಎರಡು ಬಿಲ್ಲುಗಳನ್ನೂ ಭಾವ ಜೋಪಾನವಾಗಿ ಇಟ್ಟಿದ್ದರು. ಹಾಗಾಗಿ ಈ ಲೆಕ್ಕ ಮಾಡಲು ಸಾಧ್ಯವಾಯಿತು. ನಾನು ಹಿಂದೆ ಕೆಲವು ಕಾಲ ಒಬ್ಬ ಮನಿ ಚೇಂಜರ್ ಬಳಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವನು. ಕೌಂಟರಿನ ದರದ ಬೋರ್ಡಿನಲ್ಲಿರುವ ಎರಡು ಸಾಲು ಅಂಕಿ ಒಂದು ಪ್ರವಾಸದಲ್ಲಿ ನಿಜವಾಗಿ ಎಷ್ಟು ತೆಗೆದುಕೊಳ್ಳುತ್ತವೆ ಎಂಬುದನ್ನು ಪೂರ್ತಿ ಬಿಡಿಸಿ ತೋರಿಸಬೇಕು ಎಂದು ಬಹಳ ದಿನದಿಂದ ಅನಿಸುತ್ತಿತ್ತು.

ಹೋಗುವಾಗಿನ ಬಿಲ್ಲು ಹೀಗಿತ್ತು. ದಿರ್ಹಮ್‌ಗೆ 25 ರೂಪಾಯಿಯಂತೆ 2,000ಕ್ಕೆ 50,000. ಸರ್ವಿಸ್ ಚಾರ್ಜ್ 150, ಅದರ ಮೇಲೆ ಜಿಎಸ್‌ಟಿ 27. ಹಣ ಬದಲಾವಣೆಯ ಜಿಎಸ್‌ಟಿ 90. ಒಟ್ಟು 50,267 ರೂಪಾಯಿ. ಇದನ್ನು ಕಾರ್ಡಿನಲ್ಲಿ ಕೊಟ್ಟರು. ಒಂದು ಪ್ರವಾಸಕ್ಕೆ ಕೊಳ್ಳುವ ವಿದೇಶಿ ಹಣದ ಬೆಲೆ 50,000 ದಾಟಿದರೆ ಕೌಂಟರಿನವರು ನಗದು ತೆಗೆದುಕೊಳ್ಳುವ ಹಾಗಿಲ್ಲ.

ಬರುವಾಗಿನ ಬಿಲ್ಲಿನಲ್ಲಿ ದಿರ್ಹಮ್‌ಗೆ 21 ರೂಪಾಯಿ 10 ಪೈಸೆ. 600ಕ್ಕೆ 12,660. ಅದರಲ್ಲಿ ಜಿಎಸ್‌ಟಿ 45 ಮುರಿದುಕೊಂಡು ಕೈಗೆ 12,615 ಕೊಟ್ಟರು.

"ಕೊಳ್ಳುವಾಗ 25, ಮಾರುವಾಗ 21. ನಾಲ್ಕು ರೂಪಾಯಿ ಹೋಯ್ತು ಅಷ್ಟೇ ಅಲ್ವಾ?" ಎಂದು ಭಾವ ಕೇಳಿದರು.

ಅಷ್ಟೇ ಅಲ್ಲ. ಎಷ್ಟು ಹೋಯಿತು ಎಂದು ತಿಳಿಯಬೇಕಾದರೆ ಆ ದಿನ ದಿರ್ಹಮ್‌ನ ಅಸಲಿ ಬೆಲೆ ಎಷ್ಟಿತ್ತು ಎಂಬುದು ಮೊದಲು ಗೊತ್ತಾಗಬೇಕು. ಬೋರ್ಡಿನಲ್ಲಿರುವ ಎರಡು ದರಗಳಲ್ಲಿ ಯಾವುದೂ ಅಸಲಿ ಬೆಲೆಯಲ್ಲ. "ವಿ ಬೈ" ಅಂದರೆ ಅಂಗಡಿಯವರು ನಮ್ಮಿಂದ ಕೊಳ್ಳುವ ದರ, ಅದು ಯಾವಾಗಲೂ ಕಡಿಮೆ. "ವಿ ಸೆಲ್" ಅಂದರೆ ಅವರು ನಮಗೆ ಮಾರುವ ದರ, ಅದು ಯಾವಾಗಲೂ ಜಾಸ್ತಿ. ಬ್ಯಾಂಕುಗಳು ತಮ್ಮೊಳಗೆ ದೊಡ್ಡ ಮೊತ್ತದಲ್ಲಿ ಕೊಂಡು ಮಾರುವ ದರ ಇವೆರಡರ ನಡುವೆ ಇರುತ್ತದೆ. ಅದನ್ನು ನಡುದರ ಎಂದು ಕರೆಯೋಣ.

ದಿರ್ಹಮ್ ವಿಷಯದಲ್ಲಿ ನಡುದರ ಕಂಡುಹಿಡಿಯುವುದು ಬಹಳ ಸುಲಭ. ದಿರ್ಹಮ್ ಬೆಲೆಯನ್ನು ಡಾಲರ್‌ಗೆ ಕಟ್ಟಿಹಾಕಿದ್ದಾರೆ. ಒಂದು ಡಾಲರ್‌ಗೆ 3.6725 ದಿರ್ಹಮ್. 1997ರಿಂದ ಇದು ಬದಲಾಗಿಲ್ಲ. ಹಾಗಾಗಿ ಆ ದಿನದ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮ್‌ನ ನಡುದರ ಸಿಕ್ಕಿಬಿಡುತ್ತದೆ. ಅವರು ಹೊರಟ ದಿನ ಡಾಲರ್ 84 ರೂಪಾಯಿ 47 ಪೈಸೆಯ ಆಸುಪಾಸಿನಲ್ಲಿತ್ತು. ಭಾಗಿಸಿ ನೋಡಿದರೆ ಸರಿಯಾಗಿ 23 ರೂಪಾಯಿ.

ಬೋರ್ಡಿನಿಂದಲೂ ಇದನ್ನು ಹೆಚ್ಚುಕಡಿಮೆ ಊಹಿಸಬಹುದು. 25 ಮತ್ತು 21.10ರ ನಡುಮಧ್ಯ 23.05. ಐದು ಪೈಸೆ ಮಾತ್ರ ಆಚೀಚೆ. ಆದರೆ ಇದನ್ನೇ ಪೂರ್ತಿ ನಂಬಬಾರದು. ಒಂದು ಕಡೆಯ ದರವನ್ನು ಮಾತ್ರ ಜಾಸ್ತಿ ಎಳೆಯುವ ಕೌಂಟರುಗಳೂ ಇವೆ. ಮೊಬೈಲಿನಲ್ಲಿ ಡಾಲರ್ ದರ ನೋಡಿ ಭಾಗಿಸುವುದೇ ಗಟ್ಟಿ.

ಈಗ ಹೋಗುವಾಗಿನ ಬಿಲ್ಲಿಗೆ ಬರೋಣ. ನಡುದರದಲ್ಲಿ 2,000 ದಿರ್ಹಮ್‌ಗೆ 46,000 ರೂಪಾಯಿ ಆಗುತ್ತಿತ್ತು. ಭಾವ ಕೊಟ್ಟಿದ್ದು 50,267. ಅಲ್ಲಿಗೆ 4,267 ರೂಪಾಯಿ ಜಾಸ್ತಿ. ಅಂದರೆ 100 ರೂಪಾಯಿ ಬೆಲೆಯ ದಿರ್ಹಮ್ ಕೊಳ್ಳಲು 9 ರೂಪಾಯಿ ಮೇಲೆ ಕೊಟ್ಟ ಹಾಗೆ. ಈ 4,267ರಲ್ಲಿ 4,000 ಬಂದಿದ್ದು ದರದಿಂದಲೇ, ದಿರ್ಹಮ್‌ಗೆ ಎರಡು ರೂಪಾಯಿಯಂತೆ. ಬಿಲ್ಲಿನಲ್ಲಿ ಎದ್ದು ಕಾಣುವ ಸರ್ವಿಸ್ ಚಾರ್ಜ್, ತೆರಿಗೆ ಎಲ್ಲ ಸೇರಿ 267 ಮಾತ್ರ.

ಇದನ್ನು ಒತ್ತಿ ಹೇಳಬೇಕು. ದರದ ಒಳಗೆ ಕೂತ ಲಾಭ ಬಿಲ್ಲಿನಲ್ಲಿ ಎಲ್ಲಿಯೂ ಬೇರೆ ಸಾಲಾಗಿ ಬರುವುದಿಲ್ಲ. "ಕಮಿಷನ್ ಇಲ್ಲ" ಎಂದು ದೊಡ್ಡದಾಗಿ ಬರೆದ ಬೋರ್ಡು ನೋಡಿ ಜನ ನಿರಾಳವಾಗುತ್ತಾರೆ. ಆ ಮಾತು ಸುಳ್ಳಲ್ಲ, ಕಮಿಷನ್ ನಿಜಕ್ಕೂ ಇರುವುದಿಲ್ಲ. ಆದರೆ ಈ ಬಿಲ್ಲಿನಿಂದ ಸರ್ವಿಸ್ ಚಾರ್ಜ್ ತೆಗೆದುಹಾಕಿದ್ದರೂ ಭಾವನಿಗೆ ಉಳಿಯುತ್ತಿದ್ದುದು 177 ರೂಪಾಯಿ. ದರದಲ್ಲಿ ಹತ್ತು ಪೈಸೆ ಇಳಿಸಿದ್ದರೆ 200 ಉಳಿಯುತ್ತಿತ್ತು.

ಜಿಎಸ್‌ಟಿ ಬಗ್ಗೆ ಜನರಿಗೆ ಗಾಬರಿ ಇದೆ, ಅದನ್ನೂ ಹೇಳಿಬಿಡುತ್ತೇನೆ. 18 ಪರ್ಸೆಂಟ್ ಎಂದ ಕೂಡಲೇ 50,000ಕ್ಕೆ 9,000 ಎಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಲಕ್ಷದವರೆಗಿನ ಬದಲಾವಣೆಗೆ ಸಾಮಾನ್ಯವಾಗಿ ಬಳಸುವ ಪದ್ಧತಿಯಲ್ಲಿ, ಮೊತ್ತದ 1 ಪರ್ಸೆಂಟನ್ನು ಸೇವೆಯ ಬೆಲೆ ಎಂದು ಹಿಡಿಯುತ್ತಾರೆ. ಅದರ ಮೇಲೆ 18 ಪರ್ಸೆಂಟ್ ತೆರಿಗೆ. 50,000ಕ್ಕೆ 1 ಪರ್ಸೆಂಟ್ 500, ಅದಕ್ಕೆ 90. ಸೇವೆಯ ಬೆಲೆ ಕನಿಷ್ಠ 250 ಎಂದು ಹಿಡಿಯಬೇಕೆಂಬ ನಿಯಮ ಇರುವುದರಿಂದ ಎಷ್ಟೇ ಸಣ್ಣ ಮೊತ್ತಕ್ಕೂ 45 ರೂಪಾಯಿ ತೆರಿಗೆ ಇದ್ದೇ ಇರುತ್ತದೆ. ಬರುವಾಗಿನ ಬಿಲ್ಲಿನ 45 ಅದೇ. ನಾವು ಕೊಂಡರೂ ತೆರಿಗೆ, ಮಾರಿದರೂ ತೆರಿಗೆ. ಒಂದೇ ಸಲ ಮಾಡಬಹುದಾದ ಬದಲಾವಣೆಯನ್ನು ಸಣ್ಣ ಸಣ್ಣ ತುಂಡು ಮಾಡಿದರೆ ಪ್ರತಿ ಸಲವೂ ಈ 45 ಹೋಗುತ್ತದೆ. ಆದರೂ ಭಾವನ ಇಡೀ ಪ್ರಕರಣದಲ್ಲಿ ಸರ್ಕಾರಕ್ಕೆ ಹೋಗಿದ್ದು 162 ರೂಪಾಯಿ ಮಾತ್ರ.

ಇನ್ನು ವಾಪಸ್ ಬಂದ 600. ಅಷ್ಟರಲ್ಲಿ ಡಾಲರ್ ಕೆಲವು ಪೈಸೆ ಏರಿತ್ತು. ಲೆಕ್ಕ ಗೋಜಲಾಗದಿರಲಿ ಎಂದು ನಡುದರ 23ನ್ನೇ ಇಟ್ಟುಕೊಳ್ಳುತ್ತೇನೆ. 600 ದಿರ್ಹಮ್‌ನ ಅಸಲಿ ಬೆಲೆ 13,800. ಕೈಗೆ ಬಂದಿದ್ದು 12,615. ಇಲ್ಲಿ 1,185 ಹೋಯಿತು. ಹೋಗುವಾಗಿನ 4,267ಕ್ಕೆ ಇದನ್ನು ಸೇರಿಸಿದರೆ 5,452.

ಆದರೆ ಇದನ್ನು ಇನ್ನೊಂದು ರೀತಿಯಲ್ಲಿ ನೋಡಿದಾಗಲೇ ನಿಜವಾದ ಭಾರ ಗೊತ್ತಾಗುವುದು. ಅಕ್ಕ, ಭಾವ ದುಬೈನಲ್ಲಿ ಖರ್ಚು ಮಾಡಿದ್ದು 1,400 ದಿರ್ಹಮ್. ಅದಕ್ಕಾಗಿ ಜೇಬಿನಿಂದ ಹೋಗಿದ್ದು 50,267ರಲ್ಲಿ 12,615 ಕಳೆದು 37,652 ರೂಪಾಯಿ. ಭಾಗಿಸಿದರೆ ಖರ್ಚಾದ ಒಂದೊಂದು ದಿರ್ಹಮ್‌ಗೆ 26 ರೂಪಾಯಿ 89 ಪೈಸೆ. ಬೋರ್ಡಿನಲ್ಲಿ 25 ಎಂದಿತ್ತು. ಅಸಲಿ ಬೆಲೆ 23. ಕೊನೆಗೆ ಬಿದ್ದಿದ್ದು ಸುಮಾರು 27.

"25ಕ್ಕೆ ಕೊಂಡಿದ್ದು 27 ಹೇಗಾಯ್ತಪ್ಪಾ?" ಎಂದು ಭಾವ ಮತ್ತೆ ಮತ್ತೆ ಕೇಳಿದರು. ಉಳಿದ ನೋಟಿನಿಂದ ಹಾಗಾಯಿತು. ಖರ್ಚಾದ ದಿರ್ಹಮ್ ಮೇಲೆ ಬೋರ್ಡಿನ ಎರಡು ದರಗಳ ನಡುವಿನ ಅಂತರದ ಅರ್ಧ ಮಾತ್ರ ಬೀಳುತ್ತದೆ, ಎರಡು ರೂಪಾಯಿ. ಉಳಿದು ವಾಪಸ್ ಬಂದ ದಿರ್ಹಮ್ ಮೇಲೆ ಕೊಳ್ಳುವಾಗಿನ ಅರ್ಧ, ಮಾರುವಾಗಿನ ಅರ್ಧ ಎರಡೂ ಬೀಳುತ್ತವೆ, 3 ರೂಪಾಯಿ 90 ಪೈಸೆ. 600ಕ್ಕೆ ಅದು 2,340 ರೂಪಾಯಿ. ಆ ನೋಟುಗಳು ಅಕ್ಕನ ಪರ್ಸಿನಲ್ಲಿ ಕೂತು ದುಬೈಗೆ ಹೋಗಿ ಬಂದವು, ಒಂದು ಲೋಟ ಚಹಾ ಕೂಡ ಅವುಗಳಿಂದ ಬರಲಿಲ್ಲ. ಆದರೂ ಒಂದೊಂದು ದಿರ್ಹಮ್‌ಗೆ ಲೆಕ್ಕ ಹಾಕಿದರೆ ಅವುಗಳಿಗೇ ಅತಿ ಹೆಚ್ಚು ಖರ್ಚಾಯಿತು.

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಪ್ರಯಾಣಿಕರು ಗಮನಿಸಬೇಕಾದದ್ದು ಇದೇ. ಎಲ್ಲರೂ ಕೊಳ್ಳುವ ದರ ಹೋಲಿಸುತ್ತಾರೆ. ಎಷ್ಟು ಕೊಳ್ಳಬೇಕು ಎಂಬುದನ್ನು ಮಾತ್ರ "ಇರಲಿ, ಸ್ವಲ್ಪ ಜಾಸ್ತಿನೇ ಇರಲಿ" ಎಂದು ತೀರ್ಮಾನಿಸುತ್ತಾರೆ. ಅಂತರ ದೊಡ್ಡದಿರುವ ಕೌಂಟರಿನಲ್ಲಿ "ಇರಲಿ" ಎಂದು ಕೊಂಡ ನೋಟು ಬಹಳ ದುಬಾರಿ ನೋಟು.

ಹಾಗಾದರೆ ಆ ಕೌಂಟರಿನವರು ಮೋಸ ಮಾಡಿದರೇ? ಇಲ್ಲ. ದರ ಬೋರ್ಡಿನ ಮೇಲಿತ್ತು, ಬಿಲ್ಲು ಕೊಟ್ಟರು, ತೆರಿಗೆ ಸರಿಯಾಗಿ ಹಾಕಿದ್ದರು. ನೋಟಿನ ವ್ಯಾಪಾರಕ್ಕೆ ಖರ್ಚೂ ಇದೆ. ಪರದೆಯ ಮೇಲೆ ಡಾಲರ್ ಕೊಳ್ಳುವುದೇ ಬೇರೆ, ಕಾಗದದ ನೋಟನ್ನು ತಂದು ಡ್ರಾಯರಿನಲ್ಲಿ ಇಟ್ಟುಕೊಳ್ಳುವುದೇ ಬೇರೆ. ನೋಟು ಸಾಗಿಸಬೇಕು, ವಿಮೆ ಮಾಡಿಸಬೇಕು, ಖೋಟಾ ನೋಟು ಬಂದರೆ ನಷ್ಟ ತಾವೇ ಹೊರಬೇಕು. ಗಿರಾಕಿ ಬರುವ ತನಕ ಬಂಡವಾಳ ಸುಮ್ನೆ ಕೂತಿರುತ್ತದೆ, ಅಷ್ಟರಲ್ಲಿ ದರ ಇಳಿದರೂ ಅವರಿಗೇ ಪೆಟ್ಟು. ಶನಿವಾರ, ಭಾನುವಾರ ಬ್ಯಾಂಕುಗಳ ನಡುವಿನ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ಏನಾಗುತ್ತದೋ ಎಂಬ ಅಳುಕಿಗೆ ಕೆಲವರು ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತಾರೆ. ನಾನು ಲೆಕ್ಕ ನೋಡುತ್ತಿದ್ದ ಅಂಗಡಿಯಲ್ಲಿ ಡಾಲರ್ ನೋಟು ಬಂದ ದಿನವೇ ಹೋಗುತ್ತಿತ್ತು. ಅಪರೂಪಕ್ಕೆ ಕೇಳುವ ದೇಶಗಳ ನೋಟು ವಾರಗಟ್ಟಲೆ ಕೂತಿರುತ್ತಿತ್ತು. ಹಾಗಾಗಿ ಡಾಲರ್‌ಗೆ ಅಂತರ ಕಡಿಮೆ, ಅಂಥ ನೋಟುಗಳಿಗೆ ಜಾಸ್ತಿ.

ಇದಕ್ಕೆಲ್ಲ ಎರಡು ಮೂರು ಪರ್ಸೆಂಟ್ ಸಾಕಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಅದರ ಮೇಲೆ ಜಾಗದ ಬಾಡಿಗೆ ಇದೆ, ಹಗಲೂ ರಾತ್ರಿ ಕೂರುವ ಸಿಬ್ಬಂದಿ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಗೆ ಬಂದ ಗಿರಾಕಿಗೆ ಇನ್ನೊಂದು ಅಂಗಡಿಗೆ ಹೋಗಿ ಕೇಳುವ ಸಮಯವಿಲ್ಲ. ಅಂತರ ಅಷ್ಟು ಬೆಳೆಯಲು ಇದೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ.

ಅದೇ ವಾರ ಮೈಸೂರಿನ ಒಂದು ಕೌಂಟರಿನಲ್ಲಿ ದಿರ್ಹಮ್ ಮಾರುವ ದರ 23.60, ಕೊಳ್ಳುವ ದರ 22.40 ಇತ್ತು. ಅಂತರ 1 ರೂಪಾಯಿ 20 ಪೈಸೆ. ಅಲ್ಲಿ 2,000 ಕೊಂಡಿದ್ದರೆ 47,200, ಜಿಎಸ್‌ಟಿ 85, ಒಟ್ಟು 47,285. ಬಂದ ಮೇಲೆ 600 ಅಲ್ಲೇ ಮಾರಿದ್ದರೆ 13,440ರಲ್ಲಿ 45 ಕಳೆದು 13,395 ಕೈಗೆ. ಖರ್ಚಾದ 1,400 ದಿರ್ಹಮ್‌ಗೆ ಹೋಗುತ್ತಿದ್ದುದು 33,890. ದಿರ್ಹಮ್‌ಗೆ 24 ರೂಪಾಯಿ 21 ಪೈಸೆ. ವಿಮಾನ ನಿಲ್ದಾಣದ ಲೆಕ್ಕಕ್ಕೆ ಹೋಲಿಸಿದರೆ 3,762 ರೂಪಾಯಿ ಉಳಿತಾಯ. ಹೋಗಿದ್ದೂ ಅದೇ ಪ್ರವಾಸ, ಖರ್ಚು ಮಾಡಿದ್ದೂ ಅಷ್ಟೇ ದಿರ್ಹಮ್. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಹಿಡಿದು ಹೊರಡುವ ಎರಡು ಮೂರು ದಿನ ಮೊದಲು ಒಮ್ಮೆ ಹೋಗಿಬಂದಿದ್ದರೆ ಸಾಕಿತ್ತು.

ಲೆಕ್ಕ ಕೇಳಿದ ಮೇಲೆ ಅಕ್ಕ ಒಂದು ಒಳ್ಳೆ ಪ್ರಶ್ನೆ ಕೇಳಿದಳು. "ಡಾಲರ್‌ಗೆ ಅಂತರ ಕಡಿಮೆ ಅಂದೆಯಲ್ಲ, ಇಲ್ಲಿ ಡಾಲರ್ ತಗೊಂಡು ಅಲ್ಲಿ ದಿರ್ಹಮ್ ಮಾಡಿಸಿದ್ದರೆ?"

ಎರಡು ಸಲ ಬದಲಾಯಿಸಿದರೆ ಎರಡು ಸಲ ನಷ್ಟ ಎಂಬುದು ಸಾಮಾನ್ಯವಾಗಿ ನಿಜ. ಆದರೆ ದುಬೈ ವಿಷಯ ಸ್ವಲ್ಪ ಬೇರೆ. ಅಲ್ಲಿ ದಿರ್ಹಮ್ ಡಾಲರ್‌ಗೆ ಕಟ್ಟಿರುವುದರಿಂದ ಅಂಗಡಿಯವರಿಗೆ ದರ ಏರಿಳಿತದ ಭಯವೇ ಇಲ್ಲ. ಪೇಟೆಯೊಳಗಿನ ಎಕ್ಸ್‌ಚೇಂಜ್ ಅಂಗಡಿಗಳಲ್ಲಿ ಡಾಲರ್–ದಿರ್ಹಮ್ ಅಂತರ ಬಹಳ ಸಣ್ಣದು. ಲೆಕ್ಕ ಮಾಡಿ ನೋಡೋಣ. ಮೈಸೂರಿನಲ್ಲಿ ಡಾಲರ್ 85 ರೂಪಾಯಿ 30 ಪೈಸೆಗೆ ಸಿಕ್ಕಿತು, ದುಬೈ ಪೇಟೆಯಲ್ಲಿ ಒಂದು ಡಾಲರ್‌ಗೆ 3.65 ದಿರ್ಹಮ್ ಕೊಟ್ಟರು ಎಂದುಕೊಳ್ಳಿ. 2,000 ದಿರ್ಹಮ್‌ಗೆ 548 ಡಾಲರ್ ಬೇಕು. ಅದಕ್ಕೆ ಜಿಎಸ್‌ಟಿ ಸೇರಿ ಸುಮಾರು 46,830 ರೂಪಾಯಿ. ಮೈಸೂರಿನಲ್ಲೇ ನೇರವಾಗಿ ದಿರ್ಹಮ್ ಕೊಳ್ಳುವುದಕ್ಕಿಂತ ಸುಮಾರು 450 ಕಡಿಮೆ.

ಅಕ್ಕನ ದಾರಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಡಾಲರನ್ನು ಬೇಕಾದಷ್ಟೇ, ಬೇಕಾದಾಗ ದಿರ್ಹಮ್ ಮಾಡಿಕೊಳ್ಳಬಹುದು. ಉಳಿದರೆ ಉಳಿಯುವುದು ಡಾಲರ್, ಅದನ್ನು ಮಾರುವಾಗ ನಷ್ಟ ಕಡಿಮೆ. ಆದರೆ ದುಬೈನಲ್ಲಿ ಇಳಿದ ಕೂಡಲೇ, ಅಲ್ಲಿನ ದುಬಾರಿ ಕೌಂಟರಿನಲ್ಲಿ 3.50ರಂತೆ ಎಲ್ಲವನ್ನೂ ಬದಲಾಯಿಸಿಬಿಟ್ಟರೆ ಇದೇ ಲೆಕ್ಕ 48,830ಕ್ಕೆ ಏರುತ್ತದೆ. ಆಗ ಮೈಸೂರಿನ ದಿರ್ಹಮ್ಮೇ ಸೋವಿ. ಹಾಗಾಗಿ ನನ್ನ ಸಲಹೆ ಇಷ್ಟು: ಟ್ಯಾಕ್ಸಿಗೆ, ಮೊದಲ ದಿನದ ಊಟಕ್ಕೆ ಆಗುವಷ್ಟು ದಿರ್ಹಮ್ ಇಲ್ಲಿಂದಲೇ ಒಯ್ಯಿ. ಉಳಿದದ್ದಕ್ಕೆ ಡಾಲರ್ ಇರಲಿ. ಡಾಲರ್‌ಗೆ ಕಟ್ಟದ ಹಣ ಇರುವ ದೇಶಗಳಿಗೆ ಈ ಉಪಾಯ ಕಣ್ಣುಮುಚ್ಚಿ ಹಿಡಿಯಬೇಡಿ. ಎರಡೂ ಕಡೆಯ ದರ ಕೇಳಿ ಹೀಗೆಯೇ ಗುಣಿಸಿ ನೋಡಬೇಕು.

ಕಾರ್ಡಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಹಲವು ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿಗೆ 3.5 ಪರ್ಸೆಂಟ್ ಶುಲ್ಕ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 4.13 ಪರ್ಸೆಂಟ್ ಆಗುತ್ತದೆ. ದುಬಾರಿ ಎಂದು ಎಲ್ಲರೂ ಬೈಯುವ ಆ ಶುಲ್ಕ ಭಾವ ಕೌಂಟರಿನಲ್ಲಿ ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆ. ಜೊತೆಗೆ ಕಾರ್ಡಿನಲ್ಲಿ ನೋಟು ಉಳಿಯುವ ಪ್ರಶ್ನೆಯೇ ಇಲ್ಲ. ಅಂಗಡಿಯ ಮಷೀನು "ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮ್‌ನಲ್ಲಿ ಕೊಡುತ್ತೀರಾ" ಎಂದು ಕೇಳಿದರೆ ದಿರ್ಹಮ್ ಎನ್ನಬೇಕು. ರೂಪಾಯಿ ಎಂದರೆ ಅವರು ತಮ್ಮದೇ ದರ ಹಾಕುತ್ತಾರೆ, ಆ ದರದೊಳಗೂ ಇಂಥದೇ ಒಂದು ಅಂತರ ಇರುತ್ತದೆ.

ಕೌಂಟರಿಗೆ ಫೋನ್ ಮಾಡುವಾಗ "ಇವತ್ತು ದಿರ್ಹಮ್ ರೇಟ್ ಎಷ್ಟು?" ಎಂದು ಕೇಳಿದರೆ ಬರುವ ಉತ್ತರದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕೆಲವೊಮ್ಮೆ ಅವರು ಕೊಳ್ಳುವ ದರ ಹೇಳಿಬಿಡುತ್ತಾರೆ, ಅದು ಕಡಿಮೆ ಕಂಡು ನಾವು ಖುಷಿಪಡುತ್ತೇವೆ. ಹೀಗೆ ಕೇಳಬೇಕು: "ನನಗೆ 1,500 ದಿರ್ಹಮ್ ನೋಟು ಬೇಕು. ಚಾರ್ಜು, ಜಿಎಸ್‌ಟಿ ಎಲ್ಲ ಸೇರಿ ಒಟ್ಟು ಎಷ್ಟು ಕೊಡಬೇಕು?" ಆಮೇಲೆ ಇನ್ನೊಂದು: "ಇದರಲ್ಲಿ 300 ವಾಪಸ್ ತಂದರೆ ಕೈಗೆ ಎಷ್ಟು ಕೊಡುತ್ತೀರಿ?" ಮೊದಲ ಉತ್ತರವನ್ನು 1,500ರಿಂದ ಭಾಗಿಸಿ ನಡುದರದ ಜೊತೆ ಹೋಲಿಸಿ. ದಿರ್ಹಮ್‌ನಂಥ ಹೆಚ್ಚು ಓಡಾಡುವ ನೋಟಿಗೆ ಎಲ್ಲ ಸೇರಿ ಮೂರು ಪರ್ಸೆಂಟಿನ ಒಳಗಿದ್ದರೆ ನಾನು ಕೊಳ್ಳುತ್ತೇನೆ. ಐದು ದಾಟಿದರೆ ಇನ್ನೊಂದು ಕಡೆ ಕೇಳುತ್ತೇನೆ. ಎರಡನೇ ಪ್ರಶ್ನೆಗೆ ಕೆಲವರು "ಬಿಲ್ ತನ್ನಿ, ಒಳ್ಳೆ ರೇಟ್ ಹಾಕಿಕೊಡ್ತೀವಿ" ಎನ್ನುತ್ತಾರೆ. ಎಷ್ಟು ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಅಂಗಡಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ಎಂಬುದನ್ನೂ ನೋಡಬೇಕು. ಬಿಲ್ಲಿಲ್ಲದೆ ಒಳ್ಳೆ ದರ ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಲೇಬಾರದು.

ಭಾವ ಆ 600ನ್ನು ಇಳಿದ ಕೂಡಲೇ ಮಾರಬೇಕಾಗಿಯೇ ಇರಲಿಲ್ಲ. ಉಳಿದ ವಿದೇಶಿ ನೋಟನ್ನು ಬಂದ ಮೇಲೆ 180 ದಿನದೊಳಗೆ ಮಾರಬೇಕು ಎಂಬ ನಿಯಮವಿದೆ, ಅದು ಗೊತ್ತಿದ್ದೇ ಅವರು ಅವಸರ ಮಾಡಿದ್ದರು. ಆದರೆ 2,000 ಡಾಲರ್ ಬೆಲೆಯವರೆಗಿನ ನೋಟನ್ನು ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಲು ಅವಕಾಶವಿದೆ. 600 ದಿರ್ಹಮ್ ಅಂದರೆ 163 ಡಾಲರ್ ಅಷ್ಟೇ. ಮನೆಗೆ ತಂದು, ವಾರ ಬಿಟ್ಟು ಮೈಸೂರಿನ ಕೌಂಟರಿನಲ್ಲೇ 22.40ಕ್ಕೆ ಮಾರಿದ್ದರೂ 780 ರೂಪಾಯಿ ಜಾಸ್ತಿ ಸಿಗುತ್ತಿತ್ತು. ಬೀದಿಯಲ್ಲಿ ಯಾರಾದರೂ ಗಲ್ಫ್‌ಗೆ ಹೊರಟವರಿದ್ದರೆ ಅವರಿಗೇ ಮಾರಬಹುದಲ್ಲ ಎಂದು ಅಕ್ಕ ಕೇಳಿದಳು. ಅದು ಕಾನೂನಿಗೆ ವಿರುದ್ಧ, ಪರವಾನಗಿ ಇದ್ದವರಿಗೇ ಮಾರಬೇಕು. ಪರ್ಸಿನ ತಳದಲ್ಲಿ ಇನ್ನೂ ಒಂದಷ್ಟು ಒಂದು ದಿರ್ಹಮ್ ನಾಣ್ಯಗಳೂ ಇದ್ದವು. ಅವನ್ನು ಕೌಂಟರಿನವರು ಮುಟ್ಟಲಿಲ್ಲ, ಮನಿ ಚೇಂಜರ್‌ಗಳು ಸಾಮಾನ್ಯವಾಗಿ ನಾಣ್ಯ ಕೊಳ್ಳುವುದಿಲ್ಲ. ಅವನ್ನು ದುಬೈನಲ್ಲೇ ನೀರಿನ ಬಾಟಲಿಗೋ ಚಹಾಕ್ಕೋ ಮೊದಲು ಖರ್ಚು ಮಾಡಿ, ನೋಟನ್ನು ಆಮೇಲೆ ಮುರಿಸಬೇಕಿತ್ತು.